ಹೊಸ ಸಲೂನಿನ ಗಲ್ಲಾಕ್ಕೆ ತಿಂಗಳಿಗೆ ನಿಜಕ್ಕೂ ಎಷ್ಟು ಬರುತ್ತದೆ?

ಮೂರು ಕುರ್ಚಿಯ ಸಲೂನ್ ತೆರೆಯಲು ಸಾಲ ಕೇಳಿ ಬ್ಯಾಂಕಿಗೆ ಹೋಗುವವರ ಕೈಯಲ್ಲಿ ಒಂದು ಪ್ರಾಜೆಕ್ಟ್ ರಿಪೋರ್ಟ್ ಇರುತ್ತದೆ. ಅದರಲ್ಲಿನ ಲೆಕ್ಕ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ 13 ಗಂಟೆ ಅಂಗಡಿ ತೆರೆದಿರುತ್ತದೆ. ಒಂದು ಕಟಿಂಗ್‌ಗೆ ಅರ್ಧ ಗಂಟೆ ಸಾಕು. ಹಾಗಾದರೆ ಒಂದು ಕುರ್ಚಿಗೆ ದಿನಕ್ಕೆ 26 ಜನ, ಮೂರು ಕುರ್ಚಿಗೆ 78 ಜನ. ತಲೆಗೆ 150 ರೂಪಾಯಿಯಂತೆ 30 ದಿನಕ್ಕೆ ಗುಣಿಸಿದರೆ 3,51,000 ರೂಪಾಯಿ. ಅಷ್ಟೊಂದು ಬೇಡ, 60 ಶೇಕಡಾ ಹಿಡಿಯೋಣ ಎಂದರೂ 2,10,600 ಉಳಿಯುತ್ತದೆ. ಈ ಸಂಖ್ಯೆಯನ್ನು ನಂಬಿ ಬಾಡಿಗೆ ಒಪ್ಪಿಕೊಂಡು, ಕನ್ನಡಿ, ಎ.ಸಿ., ಸೋಫಾ ಹಾಕಿಸಿದವರು ಆರನೇ ತಿಂಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ದಿಕ್ಕು ತೋಚದೆ ಯೋಚಿಸುತ್ತಾರೆ.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಆ ಲೆಕ್ಕಕ್ಕೆ ಕುರ್ಚಿ ಮಾತ್ರ ಗೊತ್ತು, ಗಿರಾಕಿ ಗೊತ್ತಿಲ್ಲ. ಕುರ್ಚಿ ಎಷ್ಟು ಜನರನ್ನು ಕೂರಿಸಿಕೊಳ್ಳಬಲ್ಲದು ಎಂಬುದಕ್ಕೂ ಎಷ್ಟು ಜನ ಬಂದು ಕೂರುತ್ತಾರೆ ಎಂಬುದಕ್ಕೂ ಸಂಬಂಧ ಬಹಳ ಕಡಿಮೆ. ಸಲೂನಿನ ಆದಾಯವನ್ನು ಬೀದಿಯ ಕಡೆಯಿಂದ ಲೆಕ್ಕ ಹಾಕಬೇಕು: ಎಷ್ಟು ತಲೆಗಳಿವೆ, ಒಬ್ಬೊಬ್ಬರ ಬಿಲ್ ನಿಜಕ್ಕೂ ಎಷ್ಟಾಗುತ್ತದೆ, ಒಮ್ಮೆ ಬಂದವರಲ್ಲಿ ಎಷ್ಟು ಮಂದಿ ಮತ್ತೆ ಬರುತ್ತಾರೆ. ಈ ಮೂರರಲ್ಲಿ ಕೊನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಂಗಡಿಯ ಹಣೆಬರಹ ನಿರ್ಧಾರವಾಗುವುದು ಮಾತ್ರ ಅಲ್ಲೇ.

ಲೆಕ್ಕ ಕೈಗೆ ಸಿಗುವಂತಿರಲು ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯ ವಿದ್ಯಾನಗರದಂಥ ಬಡಾವಣೆ. ಮನೆಗಳ ನಡುವೆ ವಿದ್ಯಾರ್ಥಿಗಳ ಪಿ.ಜಿ.ಗಳೂ ಇವೆ. ಅಲ್ಲೊಂದು ಅಡ್ಡರಸ್ತೆಯಲ್ಲಿ, ಬೇರೆ ಸಲೂನಿನಲ್ಲಿ ಕೆಲಸ ಕಲಿತ ಯುವಕನೊಬ್ಬ ಮೂರು ಕುರ್ಚಿಯ ಗಂಡಸರ ಸಲೂನ್ ತೆರೆಯಬೇಕೆಂದಿದ್ದಾನೆ. ಕೆಳಗಿನ ಅಂಕಿಗಳು ದಾರಿ ತೋರಿಸಲು ಇಟ್ಟುಕೊಂಡವು. ಓದುಗರು ತಮ್ಮ ಬೀದಿಯ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

ಅಂಗಡಿ ಹಾಕುವವರಿಗೆ ಮೊದಲು ಸಿಗುವ ಸಲಹೆ, "ರಸ್ತೆಯಲ್ಲಿ ಎಷ್ಟು ಜನ ಓಡಾಡ್ತಾರೆ ನೋಡು" ಎಂಬುದು. ಟೀ ಅಂಗಡಿಗೆ ಈ ಸಲಹೆ ಸರಿ. ಸಲೂನಿಗೆ ಅದು ಅರ್ಧ ಮಾತ್ರ ಸರಿ. ದಾರಿಯಲ್ಲಿ ಹೋಗುವವನಿಗೆ ಟೀ ಕುಡಿಯಬೇಕು ಅನ್ನಿಸಬಹುದು, ಆದರೆ ಕಟಿಂಗ್ ಮಾಡಿಸಬೇಕು ಎಂದು ಹಾಗೆ ಅನ್ನಿಸುವುದಿಲ್ಲ. ಕೂದಲು ಬೆಳೆದಾಗಲೇ ಅವನು ಬರುತ್ತಾನೆ. ಮನುಷ್ಯನ ತಲೆಗೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ರಸ್ತೆಯಲ್ಲಿ ಗಂಟೆಗೆ ನೂರು ಜನ ಹೋದರೂ ಇನ್ನೂರು ಜನ ಹೋದರೂ ಆ ವೇಗ ಬದಲಾಗದು. ಜೊತೆಗೆ, ಬೆಳಿಗ್ಗೆ ಕೆಲಸಕ್ಕೆ ಹೊರಟವನು, ಮಧ್ಯಾಹ್ನ ಊಟಕ್ಕೆ ಬಂದವನು, ಸಂಜೆ ಹಾಲು ತರಲು ಹೋದವನು ಒಬ್ಬನೇ ಆಗಿರಬಹುದು. ಎಣಿಸುವವನ ಚೀಟಿಯಲ್ಲಿ ಅವನು ಮೂರಾಗಿರುತ್ತಾನೆ.

ಆದ್ದರಿಂದ ಕಾಲುಗಳಿಗಿಂತ ತಲೆಗಳನ್ನು ಎಣಿಸುವುದು ಮೇಲು. ಹತ್ತು ನಿಮಿಷದಲ್ಲಿ ನಡೆದು ಬರಬಹುದಾದ ದೂರದೊಳಗಿನ ಮನೆಗಳನ್ನು ಬೀದಿ ಬೀದಿ ಸುತ್ತಿ ಎಣಿಸಬೇಕು. ಅಪಾರ್ಟ್‌ಮೆಂಟ್ ಇದ್ದರೆ ಕೆಳಗಿನ ಕರೆಂಟ್ ಮೀಟರುಗಳನ್ನು ಎಣಿಸಿದರೆ ಮನೆಗಳ ಸಂಖ್ಯೆ ಸಿಗುತ್ತದೆ. ಪಿ.ಜಿ. ಮತ್ತು ಹಾಸ್ಟೆಲುಗಳಲ್ಲಿ ಎಷ್ಟು ಹುಡುಗರಿದ್ದಾರೆ ಎಂದು ಅಡುಗೆಯವರನ್ನು ಕೇಳಿದರೆ ಸಾಕು, ಅವರಿಗೆ ಎಲೆಯ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಉದಾಹರಣೆಯಲ್ಲಿ 600 ಮನೆಗಳು ಸಿಕ್ಕವು ಎನ್ನೋಣ. ಮನೆಗೆ ನಾಲ್ವರಂತೆ 2,400 ಜನ, ಅದರಲ್ಲಿ ಅರ್ಧ ಗಂಡಸರು. ಕೂಸುಗಳು, ಬೋಳುತಲೆಯವರು, ಮನೆಯಲ್ಲೇ ಟ್ರಿಮ್ಮರ್ ಹಿಡಿಯುವವರನ್ನು ಕಳೆದರೆ ಸುಮಾರು 1,000 ತಲೆಗಳು ಉಳಿಯುತ್ತವೆ. ಪಿ.ಜಿ.ಗಳ 300 ಹುಡುಗರು ಸೇರಿದರೆ 1,300.

ಕಾಲೇಜು ಹುಡುಗರು ತಿಂಗಳಿಗೊಮ್ಮೆ ಕಟಿಂಗ್ ಮಾಡಿಸುತ್ತಾರೆ, ಕೆಲವರು ಮೂರು ವಾರಕ್ಕೇ. ವಯಸ್ಸಾದವರು ಆರೇಳು ವಾರ ತಳ್ಳುತ್ತಾರೆ. ಸರಾಸರಿ ಐದು ವಾರ ಎಂದು ಹಿಡಿದರೆ ವರ್ಷಕ್ಕೆ ತಲೆಗೆ ಸುಮಾರು ಹತ್ತು ಕಟಿಂಗ್.

ಈ 1,300 ತಲೆಗಳಿಗೆ ಈಗಲೂ ಯಾರೋ ಕತ್ತರಿ ಹಾಕುತ್ತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಅದೇ ಸುತ್ತಳತೆಯಲ್ಲಿ ಐದು ಅಂಗಡಿಗಳು, ಒಟ್ಟು 12 ಕುರ್ಚಿಗಳು ಇವೆ ಎನ್ನೋಣ. ಹೊಸ ಮೂರು ಸೇರಿದರೆ 15. ಎಲ್ಲರಿಗೂ ಸಮಪಾಲು ಬಂದರೆ ಹೊಸ ಅಂಗಡಿಗೆ ಐದರಲ್ಲೊಂದು ಪಾಲು, ಅಂದರೆ 260 ತಲೆಗಳು. ಇದು ಬರುವ ಸಂಖ್ಯೆಯಲ್ಲ, ಮೇಲ್ಮಿತಿ. ಕೆಲವರು ಕಚೇರಿಯ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇನ್ನು ಕೆಲವರು ಚಿಕ್ಕಂದಿನಿಂದ ಕತ್ತರಿ ಹಾಕಿದವರ ಕೈಬಿಟ್ಟು ಬೇರೆಡೆ ತಲೆ ಕೊಡುವುದಿಲ್ಲ. ಗಂಡಸರು ಉಳಿದ ಅಂಗಡಿಗಳನ್ನು ಬದಲಾಯಿಸುವಷ್ಟು ಸಲೀಸಾಗಿ ಕ್ಷೌರಿಕರನ್ನು ಬದಲಾಯಿಸುವುದಿಲ್ಲ. ಹೊಸ ಅಂಗಡಿಗೆ ಮೊದಮೊದಲು ಇದು ಗೋಡೆಯಂತೆ ಅಡ್ಡ ನಿಲ್ಲುತ್ತದೆ, ಒಂದು ವರ್ಷ ಕಳೆದ ಮೇಲೆ ಅದೇ ಗುಣ ಅದರ ಬೆನ್ನಿಗೆ ನಿಲ್ಲುತ್ತದೆ.

ಹತ್ತಿರದ ಅಂಗಡಿಗಳು ಎಷ್ಟು ತುಂಬಿವೆ ಎಂದು ಅಳೆಯಲು ಸುಲಭದ ಉಪಾಯವಿದೆ. ಒಂದು ಬುಧವಾರ, ಒಂದು ಶನಿವಾರ, ಒಂದು ಭಾನುವಾರ, ಅರ್ಧ ಗಂಟೆಗೊಮ್ಮೆ ಅವುಗಳ ಮುಂದೆ ಹಾದುಹೋಗಿ, ಎಷ್ಟು ಕುರ್ಚಿಯಲ್ಲಿ ಜನ ಕೂತಿದ್ದಾರೆ, ಬೆಂಚಿನ ಮೇಲೆ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಬರೆದುಕೊಳ್ಳುವುದು. ಭಾನುವಾರ ಬೆಳಿಗ್ಗೆ ಎಲ್ಲ ಅಂಗಡಿಯಲ್ಲೂ ಬೆಂಚು ತುಂಬಿರುತ್ತದೆ, ಅದನ್ನು ನೋಡಿ ಉಬ್ಬಬಾರದು. ಬುಧವಾರ ಮಧ್ಯಾಹ್ನ 12 ಕುರ್ಚಿಗಳಲ್ಲಿ ಮೂರೇ ಮೂರು ತುಂಬಿದ್ದರೆ ಆ ಬಡಾವಣೆಗೆ ಕುರ್ಚಿಗಳ ಕೊರತೆ ಇಲ್ಲ ಎಂದೇ ಅರ್ಥ.

ಇನ್ನು ಬಿಲ್ಲಿನ ಮಾತು. ನಮ್ಮ ಯುವಕನ ದರಪಟ್ಟಿ ಹೀಗಿದೆ ಎಂದಿಟ್ಟುಕೊಳ್ಳೋಣ: ಕಟಿಂಗ್ 150, ದಾಡಿ 80, ಮಕ್ಕಳ ಕಟಿಂಗ್ 120, ಹೆಡ್ ಮಸಾಜ್ 150, ಬಣ್ಣ 250, ಫೇಶಿಯಲ್ 600. ಆರನ್ನೂ ಕೂಡಿಸಿ ಆರರಿಂದ ಭಾಗಿಸಿದರೆ 225 ರೂಪಾಯಿ ಸರಾಸರಿ. ಎಷ್ಟೋ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಇದೇ ಸಂಖ್ಯೆ ಕೂತಿರುತ್ತದೆ. ಆದರೆ ಜನ ದರಪಟ್ಟಿಯಲ್ಲಿರುವುದನ್ನೆಲ್ಲ ಸಮನಾಗಿ ಕೊಳ್ಳುವುದಿಲ್ಲ. ಸಾಧಾರಣ ಬಡಾವಣೆಯ ಅಂಗಡಿಯಲ್ಲಿ ನೂರು ಬಿಲ್ ಆದರೆ ಅದರಲ್ಲಿ ಬರೀ ಕಟಿಂಗ್ 42, ಕಟಿಂಗ್ ಮತ್ತು ದಾಡಿ ಎರಡೂ 18, ಬರೀ ದಾಡಿ 25, ಮಕ್ಕಳು 10, ಕಟಿಂಗ್ ಜೊತೆ ಬಣ್ಣ ಹಚ್ಚಿಸಿದವರು 3, ಕಟಿಂಗ್ ಜೊತೆ ಫೇಶಿಯಲ್ ಮಾಡಿಸಿದವರು 2 ಎಂದು ಹಿಡಿಯೋಣ. ಒಟ್ಟು 16,340 ರೂಪಾಯಿ. ಅಂದರೆ ಬಿಲ್ಲಿಗೆ 163.

ಈ 163ರೊಳಗೂ ಸ್ವಲ್ಪ ಇಣುಕಿ ನೋಡಬೇಕು. ಫೇಶಿಯಲ್ ಮಾಡಿಸಿದ ಆ ಇಬ್ಬರೂ ಬರೀ ಕಟಿಂಗ್ ಮಾಡಿಸಿ ಎದ್ದುಹೋಗಿದ್ದರೆ ಸರಾಸರಿ 151ಕ್ಕೆ ಇಳಿಯುತ್ತಿತ್ತು. ನೂರರಲ್ಲಿ ಇಬ್ಬರು ಸರಾಸರಿಯನ್ನು 12 ರೂಪಾಯಿ ಎತ್ತುತ್ತಾರೆ. ಮದುವೆ ಇದ್ದ ವಾರ ನೋಡಿ ಸರಾಸರಿ ಬಿಲ್ ಹಾಕಿದರೆ ಅದಕ್ಕೇ ಮೋಸವಾಗುತ್ತದೆ. ಎಚ್ಚರಿಕೆಯಿಂದ 160 ಎಂದು ಹಿಡಿಯೋಣ. ಹೆಂಗಸರ ಬ್ಯೂಟಿ ಪಾರ್ಲರಿನಲ್ಲಿ ಈ ಏರುಪೇರು ಇನ್ನೂ ದೊಡ್ಡದು. ಐವತ್ತು ರೂಪಾಯಿಯ ಐಬ್ರೋ ದಿನವೂ ಬರುತ್ತದೆ, ಸಾವಿರಾರು ರೂಪಾಯಿಯ ಮದುವಣಗಿತ್ತಿಯ ಮೇಕಪ್ ಯಾವಾಗಲೋ ಒಮ್ಮೆ ಬರುತ್ತದೆ. ಅಲ್ಲಿ ಮದುವೆಯ ಕೆಲಸದ ಹಣವನ್ನು ಸರಾಸರಿಗೆ ಸೇರಿಸದೆ ಬೇರೆ ಪುಟದಲ್ಲೇ ಬರೆದಿಡಬೇಕು. ಆಷಾಢದಲ್ಲಿ ಆ ಪುಟ ಖಾಲಿಯಾಗಿರುತ್ತದೆ.

ಸರಾಸರಿ ಬಿಲ್ಲನ್ನು ಮಾತ್ರ ನೋಡುತ್ತ ಕೂತರೆ ಇನ್ನೊಂದು ತಪ್ಪು ತೀರ್ಮಾನವೂ ಆಗುತ್ತದೆ. ಎರಡು ವಾರಕ್ಕೊಮ್ಮೆ ಬರುವ ಗಿರಾಕಿಯನ್ನು ತೆಗೆದುಕೊಳ್ಳಿ. ವರ್ಷಕ್ಕೆ 26 ಸಲ ಬರುತ್ತಾನೆ. ಹತ್ತು ಸಲ ಕಟಿಂಗ್ ಮತ್ತು ದಾಡಿ, 16 ಸಲ ಬರೀ ದಾಡಿ. ಒಟ್ಟು 3,580 ರೂಪಾಯಿ ಕೊಡುತ್ತಾನೆ, ಅವನ ಸರಾಸರಿ ಬಿಲ್ 138. ಬರೀ ಕಟಿಂಗ್‌ಗೆ ಬರುವವನ ಸರಾಸರಿ ಬಿಲ್ 150, ಆದರೆ ಅವನು ವರ್ಷಕ್ಕೆ ಕೊಡುವುದು 1,500 ರೂಪಾಯಿ. ದಾಡಿಯ ಗಿರಾಕಿಗಳು ಹೆಚ್ಚಾದಂತೆ ಸರಾಸರಿ ಬಿಲ್ ಇಳಿಯುತ್ತದೆ, ತಿಂಗಳ ಗಲ್ಲಾ ಏರುತ್ತದೆ. ಹಾಗಾಗಿ ಒಂದು ಬಿಲ್ ಎಷ್ಟಾಯಿತು ಎಂಬ ಪ್ರಶ್ನೆಯ ಪಕ್ಕದಲ್ಲೇ ಒಬ್ಬ ಖಾಯಂ ಗಿರಾಕಿ ತಿಂಗಳಿಗೆ ಎಷ್ಟು ಸಲ ಬರುತ್ತಾನೆ ಎಂಬ ಪ್ರಶ್ನೆಯೂ ಇರಬೇಕು. ಹತ್ತು ಖಾಯಂ ಗಿರಾಕಿಗಳಲ್ಲಿ ಏಳು ಜನ ಐದು ವಾರಕ್ಕೊಮ್ಮೆ, ಮೂವರು ಎರಡು ವಾರಕ್ಕೊಮ್ಮೆ ಬಂದರೆ, ಸರಾಸರಿ ಒಬ್ಬರಿಗೆ ತಿಂಗಳಿಗೆ ಒಂದೂಕಾಲು ಭೇಟಿ.

ಈಗ ಅಂಗಡಿ ತೆರೆಯೋಣ. ಬಾಗಿಲಿಗೆ ಮಾವಿನ ತೋರಣ, ಹೊರಗೆ ಫ್ಲೆಕ್ಸ್, ಗೆಳೆಯರು, ನೆಂಟರು, ಕುತೂಹಲಕ್ಕೆ ಬಂದವರು. ಮೊದಲ ತಿಂಗಳು 150 ಜನ ಬಂದರು. ಎರಡನೇ ತಿಂಗಳು ಹೊಸಬರು 90, ಮೂರನೆಯದರಲ್ಲಿ 70. ಆಮೇಲೆ ತಿಂಗಳಿಗೆ 45 ಹೊಸ ಮುಖಗಳಂತೆ ನಿಂತಿತು. ಪ್ರತಿ ತಿಂಗಳ ಹೊಸಬರಲ್ಲಿ ನೂರಕ್ಕೆ 40 ಜನ ಖಾಯಂ ಆಗುತ್ತಾರೆ ಎಂದುಕೊಳ್ಳೋಣ. ಖಾಯಂ ಆದವರಲ್ಲೂ ತಿಂಗಳಿಗೆ ನೂರಕ್ಕೆ ಐವರು ಕಳಚಿಕೊಳ್ಳುತ್ತಾರೆ: ಮನೆ ಬದಲಿಸಿದವರು, ಓದು ಮುಗಿಸಿ ಊರಿಗೆ ಹೋದ ಹುಡುಗರು, ಮುನಿಸಿಕೊಂಡವರು. ಖಾಯಂ ಗಿರಾಕಿಗಳ ಬಳಗವೆಂದರೆ ತಳದಲ್ಲಿ ಸಣ್ಣ ತೂತಿರುವ ನೀರಿನ ತೊಟ್ಟಿ. ಮೇಲಿನಿಂದ ಬೀಳುವ ನೀರು ಸೋರುವುದಕ್ಕಿಂತ ಹೆಚ್ಚಿದ್ದಾಗ ಮಾತ್ರ ಮಟ್ಟ ಏರುತ್ತದೆ, ಅದೂ ನಿಧಾನವಾಗಿ.

ತಿಂಗಳು ತಿಂಗಳು ಲೆಕ್ಕ ಹಿಡಿದರೆ ಚಿತ್ರ ಹೀಗೆ ಮೂಡುತ್ತದೆ. ಮೊದಲ ತಿಂಗಳು 150 ಭೇಟಿ, ಬಿಲ್ಲಿಗೆ 160ರಂತೆ 24,000 ರೂಪಾಯಿ. ಎರಡನೇ ತಿಂಗಳು ಹಳಬರಲ್ಲಿ 60 ಜನ ಖಾಯಂ ಆಗಿರುತ್ತಾರೆ. ಅವರ ಒಂದೂಕಾಲು ಭೇಟಿಯ ಲೆಕ್ಕದಲ್ಲಿ 75, ಹೊಸಬರು 90, ಒಟ್ಟು 165 ಭೇಟಿ, 26,400 ರೂಪಾಯಿ. ಆರನೇ ತಿಂಗಳಿಗೆ ಖಾಯಂ ಬಳಗ 140 ಆಗಿ, ಭೇಟಿಗಳು 220ಕ್ಕೆ ಮುಟ್ಟಿ, ಗಲ್ಲಾಕ್ಕೆ 35,200 ಬರುತ್ತದೆ. ಹನ್ನೆರಡನೇ ತಿಂಗಳಲ್ಲಿ ಖಾಯಂ ಗಿರಾಕಿಗಳು ಹೆಚ್ಚು ಕಡಿಮೆ 198, ಭೇಟಿ 292, ಆದಾಯ 46,700 ರೂಪಾಯಿ. ಸಮಪಾಲಿನ ಮೇಲ್ಮಿತಿ 260 ಎಂದು ಮೊದಲೇ ಕಂಡಿದ್ದೆವು. ಅದರೊಳಗೇ 198 ಇರುವುದರಿಂದ ಲೆಕ್ಕ ನಂಬಬಹುದಾದ ಗಡಿಯಲ್ಲಿದೆ. ಖಾಯಂ ಗಿರಾಕಿಗಳ ಸಂಖ್ಯೆ 400 ಎಂದು ಬಂದಿದ್ದರೆ ಎಲ್ಲೋ ಒಂದು ಕಡೆ ಆಸೆ ಲೆಕ್ಕದೊಳಗೆ ನುಸುಳಿದೆ ಎಂದು ತಿಳಿಯಬೇಕಿತ್ತು.

ಎರಡು ಲಕ್ಷವೆಲ್ಲಿ, 47 ಸಾವಿರವೆಲ್ಲಿ!

ಇದರಲ್ಲಿ ಗಮನಿಸಬೇಕಾದದ್ದು, ವರ್ಷದ ಕೊನೆಯಲ್ಲಿ 292 ಭೇಟಿಗಳಲ್ಲಿ ಸುಮಾರು 247 ಭೇಟಿ ಖಾಯಂ ಗಿರಾಕಿಗಳದ್ದು. ಹೊಸಬರ ಸಂಖ್ಯೆಯನ್ನು ಒಂಚೂರೂ ಮುಟ್ಟದೆ, ಮತ್ತೆ ಬರುವವರ ಪ್ರಮಾಣವನ್ನು ಮಾತ್ರ ಬದಲಿಸಿ ನೋಡೋಣ. ನೂರಕ್ಕೆ 40ರ ಬದಲು 25 ಜನ ಖಾಯಂ ಆದರೆ ಹನ್ನೆರಡನೇ ತಿಂಗಳ ಆದಾಯ ಸುಮಾರು 32 ಸಾವಿರಕ್ಕೆ ಇಳಿಯುತ್ತದೆ. 55 ಜನ ಖಾಯಂ ಆದರೆ 62 ಸಾವಿರಕ್ಕೆ ಏರುತ್ತದೆ. ಅದೇ ಬೀದಿ, ಅದೇ ದರ, ಅದೇ ಫ್ಲೆಕ್ಸ್. ಒಂದರಲ್ಲಿ ಬಾಡಿಗೆ ಕಟ್ಟುವುದೇ ಕಷ್ಟ, ಇನ್ನೊಂದರಲ್ಲಿ ಸಂಸಾರ ನಡೆಯುತ್ತದೆ. ಹೊಸ ಸಲೂನಿನ ಆದಾಯವನ್ನು ಒಂದೇ ಸಂಖ್ಯೆಯಾಗಿ ಹೇಳುವವರನ್ನು ನಂಬಬಾರದು ಎನ್ನುವುದು ಇದಕ್ಕೇ. 32ರಿಂದ 62 ಸಾವಿರ, ನಡುವೆ 47 ಎಂದು ಹೇಳುವುದೇ ಪ್ರಾಮಾಣಿಕ ಅಂದಾಜು, ಮತ್ತು ಕೆಳಗಿನ ಸಂಖ್ಯೆಯಲ್ಲೂ ಉಸಿರಾಡುವಷ್ಟು ಬಾಡಿಗೆಯನ್ನೇ ಒಪ್ಪಿಕೊಳ್ಳಬೇಕು.

ಹಾಗಾದರೆ ಮತ್ತೆ ಬರುವವರ ಪ್ರಮಾಣ 25ರ ಕಡೆಗಿದೆಯೋ 55ರ ಕಡೆಗಿದೆಯೋ ಎಂದು ತಿಳಿಯುವುದು ಹೇಗೆ? ಅಂಗಡಿ ತೆರೆಯುವ ಮುಂಚೆ ತಿಳಿಯದು. ತೆರೆದ ಎರಡೂವರೆ ತಿಂಗಳಲ್ಲಿ ಖಂಡಿತ ತಿಳಿಯುತ್ತದೆ, ಒಂದು ನೋಟ್‌ಬುಕ್ ಇಟ್ಟರೆ. ಪ್ರತಿ ಗಿರಾಕಿಗೂ ಒಂದು ಸಾಲು: ತಾರೀಖು, ಹೆಸರು, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ಏನು ಕೆಲಸ, ಎಷ್ಟು ಹಣ, ಯಾರು ಕತ್ತರಿ ಹಾಕಿದರು. ಮೊದಲ ಸಲ ಬಂದವರ ಮುಂದೆ ಒಂದು ಗುರುತು. ಮೊದಲ ತಿಂಗಳ ಗುರುತಿನವರಲ್ಲಿ ಎಷ್ಟು ಮಂದಿ ಮರಳಿ ಬಂದರು ಎಂದು ಒಬ್ಬೊಬ್ಬರಿಗೂ 45 ದಿನ ಕೊಟ್ಟು ಎಣಿಸಬೇಕು. ಮೂವತ್ತೇ ದಿನಕ್ಕೆ ಎಣಿಸಿದರೆ ಐದು ವಾರಕ್ಕೊಮ್ಮೆ ಬರುವವನು ಇನ್ನೂ ಬಂದಿರುವುದಿಲ್ಲ, ಕೈಬಿಟ್ಟು ಹೋದವರ ಪಟ್ಟಿಗೆ ಅವನೂ ಸೇರಿಬಿಡುತ್ತಾನೆ. ಉದ್ಘಾಟನೆಯ ನೆಂಟರಿಷ್ಟರನ್ನೂ ಈ ಎಣಿಕೆಯಿಂದ ಹೊರಗಿಡಬೇಕು. ಬೇರೆ ಊರಿನಿಂದ ಬಂದ ಸೋದರಮಾವ ಮತ್ತೆ ಬರದಿದ್ದರೆ ಅದು ಅಂಗಡಿಯ ದೋಷವಲ್ಲ.

ಫೋನ್‌ಪೇ, ಗೂಗಲ್‌ಪೇ ವಿವರಗಳಲ್ಲೂ ಮರಳಿ ಬಂದ ಹೆಸರುಗಳು ಕಾಣುತ್ತವೆ. ಆದರೆ ಅಪ್ಪನ ಫೋನಿನಿಂದ ಇಬ್ಬರು ಮಕ್ಕಳ ಹಣ ಬಂದಿರುತ್ತದೆ, ನಗದು ಕೊಟ್ಟವರು ಅಲ್ಲಿ ಇರುವುದೇ ಇಲ್ಲ. ನೋಟ್‌ಬುಕ್‌ಗೆ ಅದು ಜೊತೆಯಾಗಬಲ್ಲದು, ಬದಲಿಯಾಗಲಾರದು.

ಯಾರು ಕತ್ತರಿ ಹಾಕಿದರು ಎಂಬ ಕಲಂ ಏಕೆ ಎಂದು ಕೇಳಬಹುದು. ಈ ಉದ್ಯೋಗದಲ್ಲಿ ಗಿರಾಕಿ ಅಂಗಡಿಗಿಂತ ಕೈಗೆ ಅಂಟಿಕೊಂಡಿರುತ್ತಾನೆ. ಕೆಲಸಗಾರ ಬೇರೆ ಅಂಗಡಿಗೆ ಹೋದರೆ ಅವನ ಹಿಂದೆ ಅವನ ಗಿರಾಕಿಗಳೂ ಹೋಗುತ್ತಾರೆ. 198 ಖಾಯಂ ಗಿರಾಕಿಗಳಲ್ಲಿ 90 ಜನ ಕೆಲಸಗಾರನ ಕುರ್ಚಿಯಲ್ಲೇ ಕೂರುವವರಾಗಿದ್ದರೆ, ಅವನು ಬಿಟ್ಟುಹೋದ ತಿಂಗಳು ಆದಾಯ ಎಷ್ಟು ಬೀಳಬಹುದು ಎಂಬುದು ಆ ಕಲಂನಿಂದ ಮೊದಲೇ ಗೊತ್ತಾಗುತ್ತದೆ. ಮತ್ತೆ ಬರುವವರ ಪ್ರಮಾಣವೂ ಕುರ್ಚಿಯಿಂದ ಕುರ್ಚಿಗೆ ಬೇರೆಯಾಗಿರುತ್ತದೆ. ಒಬ್ಬನ ಕೈಯಲ್ಲಿ ನೂರಕ್ಕೆ 50, ಇನ್ನೊಬ್ಬನ ಕೈಯಲ್ಲಿ 20 ಎಂದು ಕಂಡರೆ ಫ್ಲೆಕ್ಸಿಗೆ ಹಾಕುವ ದುಡ್ಡಿನಿಂದ ಆ ವ್ಯತ್ಯಾಸ ಸರಿಹೋಗದು.

ಇಷ್ಟಾದ ಮೇಲೆ ಕುರ್ಚಿಗೆ ಮರಳಬಹುದು. ತಿಂಗಳಿಗೆ 292 ಭೇಟಿ ಎಂದರೆ ವಾರಕ್ಕೆ 67 ಆಸುಪಾಸು. ಕರ್ನಾಟಕದ ಊರುಗಳಲ್ಲಿ ಸಾಮಾನ್ಯವಾಗಿ ಮಂಗಳವಾರ ಸಲೂನಿಗೆ ರಜೆ. ಸ್ಥಳೀಯ ಸವಿತಾ ಸಮಾಜದ ಸಂಘಗಳು ರಜೆ, ದರಗಳನ್ನು ನಿಗದಿ ಮಾಡುವುದೂ ಉಂಟು. ಅಲ್ಲಿಗೆ ತಿಂಗಳಿಗೆ ಕೆಲಸದ ದಿನ 26 ಮಾತ್ರ, 30 ಅಲ್ಲ. ಮೊದಲ ರಿಪೋರ್ಟು ಅಲ್ಲೂ ಎಡವಿತ್ತು. ವಾರದ 67ರಲ್ಲಿ 30 ಜನ ಭಾನುವಾರವೇ ಬರುತ್ತಾರೆ ಎನ್ನೋಣ. ಉಳಿದ 37 ಜನ ಐದು ದಿನಕ್ಕೆ ಹಂಚಿಹೋಗಿ ದಿನಕ್ಕೆ ಏಳೆಂಟು ಜನರಾಗುತ್ತಾರೆ. ಒಬ್ಬನೇ ಮಾಡಿ ಮುಗಿಸುವಷ್ಟು ಕೆಲಸ. ಭಾನುವಾರದ 30ರಲ್ಲಿ ಮಾತ್ರ 20 ಜನ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರೊಳಗೆ ನುಗ್ಗುತ್ತಾರೆ. ಇಬ್ಬರು ಕೈಬಿಡದೆ ದುಡಿದರೆ ಐದು ಗಂಟೆಯಲ್ಲಿ 20 ಕಟಿಂಗ್. ಅಲ್ಲಿಗೆ ಸರಿಗೆ ಸರಿ.

ಬೆಂಚಿನ ಮೇಲೆ ಮೂವರನ್ನು ಕಂಡು ಬಾಗಿಲಿನಿಂದಲೇ ತಿರುಗಿ ಹೋಗುವವರು ನಷ್ಟವಾಗುವುದು ಇಲ್ಲೇ. ಅವರು ಪಕ್ಕದ ಅಂಗಡಿಗೆ ಹೋಗಿ ಅಲ್ಲೇ ಖಾಯಂ ಆಗಬಹುದು. ಭಾನುವಾರ ತಿರುಗಿ ಹೋದವರನ್ನೂ ಗೀಟು ಹಾಕಿ ಎಣಿಸಬೇಕು. ವಾರಕ್ಕೆ ಐದಾರು ಗೀಟು ಸತತವಾಗಿ ಬಿದ್ದರೆ ಮೂರನೇ ಕುರ್ಚಿಗೆ ಭಾನುವಾರ ಮಾತ್ರ ಬರುವ ಒಬ್ಬರನ್ನು ಕರೆಸಿಕೊಳ್ಳುವುದು ಬುದ್ಧಿವಂತಿಕೆ. ವಾರವಿಡೀ ಮೂರನೆಯವನನ್ನು ಇಟ್ಟುಕೊಂಡರೆ ಅವನಿಗೂ ಸಂಪಾದನೆ ಇಲ್ಲ, ಅಂಗಡಿಗೂ ಇಲ್ಲ. ಈ ಕೆಲಸದಲ್ಲಿ ಎಷ್ಟೋ ಕಡೆ ದುಡಿಮೆಯ ಅರ್ಧ ಪಾಲನ್ನೇ ಕೂಲಿಯಾಗಿ ಕೊಡುವ ರೂಢಿಯಿದೆ. ದುಡಿಮೆಯೇ ಇಲ್ಲದ ಕುರ್ಚಿಯಲ್ಲಿ ಒಳ್ಳೆಯ ಕೈ ನಿಲ್ಲುವುದಿಲ್ಲ.

ಪಂಚಾಂಗವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಯುಗಾದಿ, ದೀಪಾವಳಿಯ ಹಿಂದಿನ ದಿನಗಳು ತುಂಬಿ ತುಳುಕುತ್ತವೆ. ಶ್ರಾವಣದಲ್ಲಿ ಎಷ್ಟೋ ಮನೆಗಳ ಗಂಡಸರು ಕ್ಷೌರ ಮಾಡಿಸುವುದಿಲ್ಲ. ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಧರಿಸಿದವರು ಗಡ್ಡ ಬಿಟ್ಟಿರುತ್ತಾರೆ. ಕಾಲೇಜಿಗೆ ರಜೆ ಬಂದರೆ ಪಿ.ಜಿ.ಯ 300 ತಲೆಗಳೂ ಊರಿಗೆ ಹೊರಡುತ್ತವೆ. ಯುಗಾದಿಗೆ ಮುಂಚೆ ತೆರೆದ ಅಂಗಡಿಯ ಮೊದಲ ತಿಂಗಳನ್ನೂ ಶ್ರಾವಣದಲ್ಲಿ ತೆರೆದ ಅಂಗಡಿಯ ಮೊದಲ ತಿಂಗಳನ್ನೂ ಒಂದೇ ಅಳತೆಯಲ್ಲಿ ನೋಡುವಂತಿಲ್ಲ. ಮೇಲಿನ 46,700 ಎಂಬುದು ಸಾಧಾರಣ ತಿಂಗಳಿನದು. ಒಂದು ತಿಂಗಳು ಅದು 38 ಸಾವಿರವಾಗಿ ಇನ್ನೊಂದು ತಿಂಗಳು 55 ಆದರೆ ಗಾಬರಿಯಾಗುವಂಥದ್ದೇನೂ ಇಲ್ಲ.

ಗಲ್ಲಾಕ್ಕೆ ಬಂದದ್ದೆಲ್ಲ ಕೈಗೆ ಬಂದಂತಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೂ ಒಂದು ಸಲ ಕಳೆದು ನೋಡುವುದು ಒಳ್ಳೆಯದು. ಬಾಡಿಗೆ 9,000, ಕರೆಂಟು 2,500, ಕೆಲಸಗಾರನಿಗೆ ಕನಿಷ್ಠ 10,000, ಬ್ಲೇಡು, ಫೋಮು, ಬಣ್ಣ, ಟವೆಲ್ ತೊಳೆಸುವ ಖರ್ಚು ಸೇರಿ 2ರಿಂದ 4 ಸಾವಿರ. ಮುದ್ರಾ ಯೋಜನೆಯಲ್ಲಿ 50,000ದಿಂದ 5 ಲಕ್ಷದವರೆಗಿನ ಸಾಲಕ್ಕೆ ಕಿಶೋರ್ ವರ್ಗವಿದೆ. ಅದರಲ್ಲಿ 4 ಲಕ್ಷವನ್ನು 11 ಶೇಕಡಾ ಬಡ್ಡಿಗೆ ಐದು ವರ್ಷಕ್ಕೆ ಪಡೆದರೆ ಕಂತು ಸುಮಾರು 8,700. ಒಟ್ಟು ಖರ್ಚು ಮೊದಲ ತಿಂಗಳು 32 ಸಾವಿರ ದಾಟುತ್ತದೆ, ಬಂದದ್ದು 24 ಸಾವಿರ. ಐದನೇ ತಿಂಗಳ ಹೊತ್ತಿಗೆ ಖರ್ಚು ಮತ್ತು ಆದಾಯ ಸಮಸಮ ಆಗುತ್ತವೆ. ಹನ್ನೆರಡನೇ ತಿಂಗಳಲ್ಲಿ 12 ಸಾವಿರದಷ್ಟು ಮಾಲೀಕನ ಕೈಯಲ್ಲಿ ಉಳಿಯುತ್ತದೆ. ಅಲ್ಲಿಯವರೆಗೆ ಅವನ ಮನೆಯ ಅಕ್ಕಿಬೇಳೆಗೆ ಬೇರೆ ಹಣ ಇರಲೇಬೇಕು. ಸಾಲದ ಕಂತು ಚಿಕ್ಕದಾದಷ್ಟೂ ಈ ದಾರಿ ಹಗುರ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. ಅಲ್ಲಿ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ 5 ಶೇಕಡಾ ಬಡ್ಡಿಗೆ ಸಾಲ ಸಿಗುತ್ತದೆ. ಎರಡು ಕುರ್ಚಿಯಿಂದ ಆರಂಭಿಸುವವರು ಮೊದಲು ಅದನ್ನೇ ವಿಚಾರಿಸುವುದು ಲೇಸು.

ತೆರಿಗೆಯ ಬಗ್ಗೆ ಅನೇಕರಿಗೆ ಅಳುಕಿದೆ. 2025ರಲ್ಲಿ ಯುಪಿಐ ವಹಿವಾಟು ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದ ಮೇಲೆ ಅದು ಹೆಚ್ಚಿತು. ಸೇವೆ ಕೊಡುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ, ಅಂದರೆ ತಿಂಗಳಿಗೆ ಸರಾಸರಿ 1 ಲಕ್ಷ 66 ಸಾವಿರಕ್ಕೂ ಮೇಲೆ. ನಮ್ಮ ಅಂಗಡಿ ಅದರ ಮೂರರಲ್ಲೊಂದು ಭಾಗವನ್ನೂ ಮುಟ್ಟಿಲ್ಲ. ನೋಂದಣಿ ಇರುವ ದೊಡ್ಡ ಸಲೂನುಗಳಿಗೂ 2025ರ ಸೆಪ್ಟೆಂಬರ್ 22ರಿಂದ ದರ 18 ಶೇಕಡಾದಿಂದ 5ಕ್ಕೆ ಇಳಿದಿದೆ. ಒಂದು ಎಚ್ಚರಿಕೆ ಸಾಕು: ಮನೆಯ ಹಣ, ಚೀಟಿಯ ಹಣ, ಅಂಗಡಿಯ ಹಣ ಮೂರನ್ನೂ ಒಂದೇ ಯುಪಿಐ ಖಾತೆಗೆ ಹಾಕಿಸಿಕೊಳ್ಳಬಾರದು. ಅಂಗಡಿಗೇ ಒಂದು ಖಾತೆ ಇದ್ದರೆ ತೆರಿಗೆಯವರ ಪ್ರಶ್ನೆಗೂ ಉತ್ತರ ಸಿಗುತ್ತದೆ, ತಿಂಗಳ ಆದಾಯದ ಲೆಕ್ಕವೂ ಸ್ವಚ್ಛವಾಗಿರುತ್ತದೆ.

ನಾವು ಕಲ್ಪಿಸಿಕೊಂಡ ಬೀದಿಯ ಮಟ್ಟಿಗೆ ತೀರ್ಪು ಸ್ಪಷ್ಟ. ಎರಡು ಕುರ್ಚಿಗಳಿಂದ ಆರಂಭಿಸಬೇಕು, ಮೂರನೆಯದಕ್ಕೆ ಜಾಗ ಬಿಟ್ಟಿರಬೇಕು. ಬಾಡಿಗೆ 9,000 ಮೀರಬಾರದು, ಮಾಲೀಕ ಇನ್ನೂ ಹೆಚ್ಚು ಕೇಳಿದರೆ ಬೇರೆ ಮಳಿಗೆ ಹುಡುಕಬೇಕು. ವರ್ಷದ ಕೊನೆಗೆ 45ರಿಂದ 50 ಸಾವಿರ ಎಂದು ಬ್ಯಾಂಕಿನ ಕಾಗದದಲ್ಲೂ ಬರೆಯಬೇಕು. ತಮ್ಮ ಊರಿನಲ್ಲಿ ಇಂಥದ್ದೇ ಅಂಗಡಿ ತೆರೆಯಲು ಹೊರಟವರು ಅಡ್ವಾನ್ಸ್ ಕೊಡುವ ಮುನ್ನ ಒಂದು ವಾರ ಮನೆಗಳನ್ನೂ ಕುರ್ಚಿಗಳನ್ನೂ ಎಣಿಸಲಿ. ಅಂಗಡಿ ತೆರೆದ ದಿನವೇ ಬೋಣಿಯ ಜೊತೆಗೆ ನೋಟ್‌ಬುಕ್ಕಿನ ಮೊದಲ ಸಾಲನ್ನೂ ಬರೆಯಲಿ. ಎರಡೂವರೆ ತಿಂಗಳ ನಂತರ ಆ ನೋಟ್‌ಬುಕ್ಕಿನಲ್ಲಿ ಮರಳಿ ಬಂದವರು ನೂರಕ್ಕೆ 25ಕ್ಕಿಂತ ಕಡಿಮೆ ಇದ್ದರೆ ಹೊಸ ಜಾಹೀರಾತಿಗೆ ಹಣ ಹಾಕುವುದನ್ನು ನಿಲ್ಲಿಸಿ, ಯಾವ ಕುರ್ಚಿಯಿಂದ ಎದ್ದವರು ಮರಳಲಿಲ್ಲ ಎಂದು ಮೊದಲು ನೋಡಲಿ.